ಐದು ಕಿಲೋ ಒಟ್ಟಿಗೆ ತಗೊಂಡರೆ ಉಳಿತಾಯನಾ?

ಪ್ರಶ್ನೆ (ಸುಮಾ): ಐದು ಕಿಲೋ ಗೋಡಂಬಿ, ಐದು ಕಿಲೋ ಅಕ್ರೋಟ್ ಒಟ್ಟಿಗೆ ತಗೊಂಡರೆ ನೂರಕ್ಕೆ 15 ಕಡಿಮೆ ಮಾಡ್ತೀನಿ ಅಂತಾರೆ. ಗೋಡಂಬಿ 240 ಗ್ರೇಡ್ ಅಂತೆ. ತಗೊಳ್ಳಲಾ? ಗ್ರೇಡ್ ನಿಜನಾ ಅಂತ ಮನೆಯಲ್ಲೇ ನೋಡೋದು ಹೇಗೆ?

ರಾಘು: ದೊಡ್ಡ ಗ್ರೇಡ್ ಅಂದ್ರೆ ಒಳ್ಳೆ ಮಾಲು ಮೇಡಂ, ಕಣ್ಣು ಮುಚ್ಚಿ ತಗೊಳ್ಳಿ. ಬಿಳಿ ಇದೆಯಾ ಅಂತ ಮಾತ್ರ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ರೆ ಹಳೇ ಸರಕು.

ಮೋಹನ್ (ಗೋಡಂಬಿ ಗ್ರೇಡಿಂಗ್‌ನಲ್ಲಿ 22 ವರ್ಷ): ರಾಘು ಅವರ ಮಾತು ಅರ್ಧ ಸರಿ. ಗ್ರೇಡಿನ ನಂಬರ್ ಹೇಳೋದು ಗಾತ್ರವನ್ನು, ತಾಜಾತನವನ್ನಲ್ಲ. ಡಬ್ಲ್ಯೂ 240 ಅಂದ್ರೆ ಒಂದು ಪೌಂಡಿಗೆ, ಅಂದ್ರೆ 454 ಗ್ರಾಮಿಗೆ, 220ರಿಂದ 240 ಇಡೀ ಬೀಜ. 320 ಅಂದ್ರೆ 300ರಿಂದ 320. ನಂಬರ್ ಜಾಸ್ತಿಯಾದಷ್ಟೂ ಬೀಜ ಸಣ್ಣದು. ರುಚಿ ಒಂದೇ. ಪುಡಿ ಮಾಡೋದಕ್ಕೆ, ರುಬ್ಬೋದಕ್ಕೆ ಆದ್ರೆ ಹೋಳು, ತುಂಡು ತಗೊಳ್ಳಿ. ಇಡೀ ಬೀಜಕ್ಕೆ ಕೊಡುವ ಹೆಚ್ಚಿನ ದುಡ್ಡು ಬರೀ ನೋಟಕ್ಕೆ.

ಇನ್ನು ಕಂದು ಬಣ್ಣ. ಒಣಗಿಸುವಾಗ ಕಾವು ಸ್ವಲ್ಪ ಜಾಸ್ತಿಯಾದ್ರೂ ಬಣ್ಣ ಬರುತ್ತೆ. ಅದನ್ನು ಬೇರೆ ಗ್ರೇಡ್ ಮಾಡಿ ಕಡಿಮೆ ಬೆಲೆಗೆ ಮಾರ್ತಾರೆ. ಹಳೇದು ಅಂತ ಅಲ್ಲ. ನಾನು ಮನೆಗೆ ತರೋದು ಅದನ್ನೇ.

ಪರೀಕ್ಷೆ ಸುಲಭ. ಅಡುಗೆ ತೂಕದ ಮೇಲೆ 100 ಗ್ರಾಂ ಇಡೀ ಬೀಜ ಇಡಿ, ಎಣಿಸಿ. 240 ಆದ್ರೆ 48ರಿಂದ 53 ಬರಬೇಕು. 320 ಆದ್ರೆ 66ರಿಂದ 71. ಮೇಲಿನ ಪದರದಿಂದ ಆರಿಸಬೇಡಿ, ಕೈ ಒಳಗೆ ಹಾಕಿ ತಳದಿಂದ ತೆಗೀರಿ.

ಗೀತಾ: ನಮ್ಮನೆ ಒಣದ್ರಾಕ್ಷಿಗೆ ಹುಳ ಬಿದ್ದಿತ್ತು, ಫ್ರಿಜ್ಜಲ್ಲಿ ಇಡಬಹುದಾ?

ಮೋಹನ್: ಇಡಬಹುದು ಅಕ್ಕ, ಗಾಳಿಯಾಡದ ಡಬ್ಬದಲ್ಲಿ. ಹುಳ ಬಿದ್ದಿದ್ದನ್ನು ಮಾತ್ರ ಎಸೆಯಿರಿ. ಆದ್ರೆ ಸುಮಾ ಅವರ ಸಮಸ್ಯೆ ಹುಳ ಅಲ್ಲ, ಎಣ್ಣೆ.

ಅಕ್ರೋಟಲ್ಲಿ ಎಣ್ಣೆ ಬಹಳ. ಅದು ಗಾಳಿ, ಬೆಳಕು, ಬಿಸಿ ತಾಗಿದ್ರೆ ಬೇಗ ಕಮಟು ಹಿಡಿಯೋ ಎಣ್ಣೆ. ಗೋಡಂಬಿ ಅದಕ್ಕಿಂತ ತಾಳುತ್ತೆ. ಹಾಗಾಗಿ ಎರಡಕ್ಕೂ ಒಂದೇ ಲೆಕ್ಕ ಹಾಕಬೇಡಿ. ತಿಂಗಳಿಗೆ ಎಷ್ಟು ಅಕ್ರೋಟ್ ಖರ್ಚಾಗುತ್ತೆ?

ಸುಮಾ: 400 ಗ್ರಾಂ ಇರಬಹುದು ಸರ್.

ಮೋಹನ್: ಹಾಗಾದ್ರೆ ಐದು ಕಿಲೋ ಮುಗಿಯೋಕೆ ವರ್ಷದ ಮೇಲಾಗುತ್ತೆ. 15 ಬಿಟ್ಟರೆ ನೀವು ಕೊಡೋದು ನಾಲ್ಕೂಕಾಲು ಕಿಲೋದ ದುಡ್ಡು. ಕೊನೆಯ ಒಂದು ಕಿಲೋ ಕಮಟಾಯ್ತು ಅಂತಿಟ್ಟುಕೊಳ್ಳಿ. ತಿಂದಿದ್ದು ನಾಲ್ಕು, ಕೊಟ್ಟಿದ್ದು ನಾಲ್ಕೂಕಾಲು. ಉಳಿತಾಯ ಹೋಗಿ ನಷ್ಟ ಬಂತು, ಅಲ್ವಾ? ಫ್ರೀಜರಲ್ಲಿ ಜಾಗ ಇದ್ರೆ ಮಾತು ಬೇರೆ. ಅಲ್ಲಿ ವರ್ಷ ತಡೆಯುತ್ತೆ. ಅರ್ಧರ್ಧ ಕಿಲೋ ಪ್ಯಾಕ್ ಮಾಡಿ. ಹೊರಗೆ ತೆಗೆದ ಪ್ಯಾಕ್ ತಣ್ಣಗಿರುವಾಗಲೇ ಬಿಚ್ಚಬೇಡಿ, ತೇವ ಕೂರುತ್ತೆ. ಜಾಗ ಇಲ್ವಾ? ಎರಡು ಮೂರು ಮನೆಯವರು ಸೇರಿ ತಗೊಂಡು ಹಂಚಿಕೊಳ್ಳಿ.

ರಾಘು: ಪ್ಯಾಕಿಂಗ್ ತಾರೀಕು ಹೋದ ತಿಂಗಳದ್ದಾದ್ರೆ ತಾಜಾ ತಾನೇ?

ಮೋಹನ್: ಅಲ್ಲ ಸರ್. ದೊಡ್ಡ ಚೀಲದಿಂದ ಸಣ್ಣ ಪ್ಯಾಕಿಗೆ ತುಂಬಿದ ದಿನ ಅದು. ಕೇಳಬೇಕಾದ್ದು ಯಾವ ವರ್ಷದ ಬೆಳೆ ಅಂತ. ಊರು ನೋಡೋದು ಇದಕ್ಕೇ. ಕ್ಯಾಲಿಫೋರ್ನಿಯಾ, ಕಾಶ್ಮೀರದ ಅಕ್ರೋಟ್ ಕೊಯ್ಲು ಸೆಪ್ಟೆಂಬರ್ ಆಸುಪಾಸು. ಚಿಲಿಯದ್ದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಜುಲೈಯಲ್ಲಿ ಕೊಳ್ಳೋದಾದ್ರೆ ಚಿಲಿಯ ಹೊಸ ಬೆಳೆ ಹೆಚ್ಚು ತಾಜಾ ಇರೋ ಸಾಧ್ಯತೆ ಇದೆ. ಗೋಡಂಬಿಯಲ್ಲಿ ಊರಿನ ಹೆಸರು ನಂಬೋದು ಕಷ್ಟ. ಆಫ್ರಿಕಾದಲ್ಲಿ ಬೆಳೆದ ಬೀಜ ವಿಯೆಟ್ನಾಂನಲ್ಲಿ ಸುಲಿದು ಅಲ್ಲಿಯದ್ದೇ ಹೆಸರಲ್ಲಿ ಬರುತ್ತೆ.

ಸುಮಾ: ಸ್ಯಾಂಪಲ್ ಅಕ್ರೋಟ್ ಸ್ವಲ್ಪ ಕಹಿ ಇದೆ. ಕಮಟಾಗಿದೆಯಾ?

ಮೋಹನ್: ಸಿಪ್ಪೆಯ ಕಹಿಯೂ ಇರಬಹುದು. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು ತಿನ್ನಿ. ಕಹಿ ಹೋದ್ರೆ ಸಿಪ್ಪೆಯದ್ದು. ಹಳೇ ಪೇಂಟ್ ಡಬ್ಬ ತೆರೆದ ಹಾಗೆ ವಾಸನೆ ಬಂದ್ರೆ, ಗಂಟಲಲ್ಲಿ ಕೆರೆತ ಉಳಿದ್ರೆ, ಬೇಡ. ಹುರಿದ್ರೆ ಆ ವಾಸನೆ ಸ್ವಲ್ಪ ಹೊತ್ತು ಮುಚ್ಚುತ್ತೆ, ಹೋಗಲ್ಲ.

ಸುಮಾ: ಸಿಪ್ಪೆ ತೆಗೆದ ಮೇಲೆ ಕಹಿ ಇಲ್ಲ. ಆದ್ರೆ ಗೋಡಂಬಿ ಎಣಿಸಿದೆ ಸರ್. 100 ಗ್ರಾಮಿಗೆ 74 ಬಂತು!

ಮೋಹನ್: ಒಡೆದವನ್ನೂ ಎಣಿಸಿದ್ರಾ? ಬರೀ ಇಡೀ ಬೀಜ ಆದ್ರೆ ಇದು 320ಕ್ಕೂ ಸಣ್ಣದು, 240 ಮಾತು ದೂರ. ಈ ಸಲ 200 ಗ್ರಾಂ ಇಟ್ಟು, ಬೇರೆ ತೂಕದಲ್ಲೂ ಒಮ್ಮೆ ನೋಡಿ ಹೇಳಿ.

ಸುಮಾ: ಪಕ್ಕದ ಮನೆ ತೂಕ ತರ್ತೀನಿ. ನಾಳೆ ಹೇಳ್ತೀನಿ.