"ಅವರನ್ನು ಸ್ವಾಗತ ಕೋರುತ್ತೇನೆ"ನಾ, "ಅವರಿಗೆ ಸ್ವಾಗತಿಸುತ್ತೇನೆ"ನಾ? (ವಾರ್ಷಿಕೋತ್ಸವದ ಸ್ವಾಗತ ಭಾಷಣ)

ಎಲ್ರಿಗೂ ನಮಸ್ಕಾರ. ನಮ್ಮಣ್ಣನ ಮಗಳು ಎಂಟನೇ ಕ್ಲಾಸು, ಮುಂದಿನ ವಾರ ಅವಳ ಶಾಲೆ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣ ಅವಳದ್ದೇ. ಶಾಲೆಯಿಂದ ಒಂದು ಹಾಳೆಯಲ್ಲಿ ಬರ್ಕೊಟ್ಟಿದ್ದಾರೆ, ಬಾಯಿಪಾಠ ಮಾಡಿಸೋ ಕೆಲಸ ನಂಗೆ ಬಂತು. ಮಾಡಿಸ್ತಾ ಮಾಡಿಸ್ತಾ ಒಂದು ಕಡೆ ನಾಲಿಗೆ ತಡೀತು. ಆ ವಾಕ್ಯ ಹಂಗೇ ಟೈಪ್ ಮಾಡ್ತೀನಿ:

"ಇಂದಿನ ಕಾರ್ಯಕ್ರಮದ ಅಧ್ಯಕ್ಷತೆಯನ್ನು ವಹಿಸಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಾದ ಶ್ರೀಯುತ ರಾಮಪ್ಪರವರನ್ನು, ಮುಖ್ಯ ಅತಿಥಿಗಳಾಗಿ ಆಗಮಿಸಿರುವ ಕ್ಷೇತ್ರ ಶಿಕ್ಷಣಾಧಿಕಾರಿಗಳಾದ ಶ್ರೀಮತಿ ಶಾರದಾರವರಿಗೆ, ಮುಖ್ಯೋಪಾಧ್ಯಾಯರನ್ನು, ಪೋಷಕರಿಗೂ ನನ್ನ ಸಹಪಾಠಿಗಳಿಗೂ ಶಾಲೆಯ ಪರವಾಗಿ ಹೃತ್ಪೂರ್ವಕವಾಗಿ ಸುಸ್ವಾಗತವನ್ನು ಕೋರುತ್ತೇನೆ."

(ಹೆಸರುಗಳು ನಾನು ಹಾಕಿದ್ದು, ನಿಜವಾದ್ದಲ್ಲ.) ಒಂದ್ಕಡೆ ಅವರನ್ನು, ಇನ್ನೊಂದ್ಕಡೆ ಅವರಿಗೆ. ಯಾವುದು ಸರಿ? ಅಥ್ವಾ ಎರಡೂ ನಡೆಯುತ್ತಾ? ಸುಮ್ನೆ ತಲೆ ಕೆಡಿಸ್ಕೊಂಡೆ ಅನ್ನಬೇಡಿ, ಹುಡುಗಿ ನಂಗೇ ಕೇಳಿದ್ಲು "ಅತ್ತೆ, ಇಬ್ಬರಿಗೂ ಒಂದೇ ಥರ ಯಾಕಿಲ್ಲ" ಅಂತ.
– ಸು.

———

ಸುಲಭ ಇದೆ ಮೇಡಂ. "ಇಸು" ಬಂದ್ರೆ "ಅನ್ನು", ಅಷ್ಟೇ ನಿಯಮ. ಗೌರವಿಸು, ಸನ್ಮಾನಿಸು, ಸ್ವಾಗತಿಸು, ಎಲ್ಲದಕ್ಕೂ ಅವರನ್ನು. ಹಾಗಾಗಿ "ಅವರನ್ನು ಸ್ವಾಗತಿಸುತ್ತೇನೆ" ಒಂದೇ ಸರಿ. ಇನ್ನು ಆ "ಕೋರುತ್ತೇನೆ" ಅನ್ನೋದನ್ನ ಪೂರ್ತಿ ತೆಗೀರಿ. ಕೋರು ಅಂದ್ರೆ ಬೇಡೋದು. ಬಂದ ಅತಿಥಿ ಹತ್ರ ನಾವು ಸ್ವಾಗತ ಬೇಡ್ತೀವಾ? ಉಲ್ಟಾ ಆಯ್ತಲ್ಲ. ಸುಸ್ವಾಗತ ಕೂಡ ತಪ್ಪು, ಸು + ಆಗತ ಸೇರೇ ಸ್ವಾಗತ ಆಗಿರೋದು (ಯಣ್ ಸಂಧಿ, ಹೈಸ್ಕೂಲಲ್ಲೇ ಓದಿರ್ತೀವಿ), ಅದಕ್ಕೆ ಮತ್ತೆ ಇನ್ನೊಂದು ಸು ಯಾಕೆ.
– ವೆಂ.

———

ಸ್ವಾಗತ ಭಾಷಣ ಪ್ರಾರ್ಥನೆ ಆದ ಮೇಲೆ ಬರಬೇಕು, ದೀಪ ಬೆಳಗೋದು ಅದಾದ ಮೇಲೆ. ನಮ್ಮ ಮಗನ ಶಾಲೇಲಿ ದೀಪ ಬೆಳಗಿದ ಮೇಲೆ ಸ್ವಾಗತ ಇಟ್ಟಿದ್ರು, ಉದ್ಘಾಟಕರನ್ನ ಸ್ವಾಗತಿಸೋ ಮೊದ್ಲೇ ಅವರ ಕೆಲಸ ಮುಗಿದಿತ್ತು. ವರದಿ ವಾಚನ ಬಹುಮಾನ ಎಲ್ಲಾ ಆಮೇಲೆ. ಆಹ್ವಾನ ಪತ್ರಿಕೆ ಇನ್ನೂ ಪ್ರಿಂಟಿಗೆ ಹೋಗಿಲ್ಲ ಅಂದ್ರೆ ಸರಿ ಮಾಡ್ಸಿ. ಪೂರ್ತಿ ಭಾಷಣ ಬೇಕಾದ್ರೆ ನನ್ನ ಹತ್ರ ಒಂದಿದೆ, ಕಳಿಸ್ತೀನಿ.
– ಗು.

———

ಗು. ಅವ್ರೇ, ಅವರು ಕೇಳ್ತಿರೋದು ಕಾರ್ಯಕ್ರಮದ ಪಟ್ಟಿ ಅಲ್ಲ, ವಿಭಕ್ತಿ ಬಗ್ಗೆ. ಇರ್ಲಿ, ನೀವು ಹೇಳಿದ್ದು ಕೂಡ ಉಪಯೋಗಕ್ಕೆ ಬರೋ ಮಾತೇ.

ವೆಂ. ಅವರ ಉತ್ತರದಲ್ಲಿ ಅರ್ಧ ಸರಿ ಇದೆ. "ಅವರನ್ನು ಸ್ವಾಗತಿಸುತ್ತೇನೆ", ಒಪ್ಪಿದೆ. ಆದ್ರೆ ಇಸು ಬಂದ್ರೆ ಅನ್ನು ಅನ್ನೋ ನಿಯಮ ಇಟ್ಕೊಂಡು ಇದೇ ಭಾಷಣದ ಮೊದಲನೇ ಸಾಲು ಓದಿ ನೋಡಿ. ಸಾಮಾನ್ಯವಾಗಿ ಹೇಗೆ ಶುರು ಮಾಡ್ತಾರೆ, "ವೇದಿಕೆಯ ಮೇಲೆ ಆಸೀನರಾಗಿರುವ ಎಲ್ಲ ಗಣ್ಯರಿಗೂ ನಮಸ್ಕರಿಸುತ್ತಾ…" ಅಂತ. ನಮಸ್ಕರಿಸು ಅಲ್ಲೂ ಇಸು ಇದೆ, ಆದ್ರೆ ಯಾರೂ ಗಣ್ಯರನ್ನು ನಮಸ್ಕರಿಸುತ್ತಾ ಅನ್ನಲ್ಲ. ವಂದಿಸು ಕೂಡ ಹಾಗೇ, ಈಗ ಗುರುಗಳಿಗೆ ವಂದಿಸ್ತೀವಿ. ಅಂದ್ರೆ ಇಸು ನೋಡಿ ವಿಭಕ್ತಿ ಹೇಳೋಕಾಗಲ್ಲ, ಒಂದೊಂದು ಕ್ರಿಯಾಪದ ಯಾವುದನ್ನ ಕೇಳುತ್ತೆ ಅಂತ ಕಿವಿಗೆ ಗೊತ್ತಿರಬೇಕು. ನನಗನ್ಸೋದು, ಮಕ್ಕಳ ಬಾಯಲ್ಲಿ "ಅವರಿಗೆ ಸ್ವಾಗತಿಸುತ್ತೇನೆ" ಬರೋದು ಇಲ್ಲಿಂದ್ಲೇ. ಮೊದಲನೇ ವಾಕ್ಯದಲ್ಲಿ ಎಲ್ಲರಿಗೂ ನಮಸ್ಕರಿಸಿದ್ದು ಬಾಯಲ್ಲಿ ಇನ್ನೂ ಇರುತ್ತೆ, ಅದೇ ಎರಡನೇ ವಾಕ್ಯಕ್ಕೂ ಎಳ್ಕೊಂಡು ಹೋಗುತ್ತೆ.

ಈಗ ಸು. ಅವರ ವಾಕ್ಯಕ್ಕೆ ಬರೋಣ. ಅಲ್ಲಿ ಕೊನೇಲಿರೋದು "ಸ್ವಾಗತಿಸುತ್ತೇನೆ" ಅಲ್ಲ, "ಸ್ವಾಗತವನ್ನು ಕೋರುತ್ತೇನೆ". ಕೋರೋದು ಏನನ್ನ? ಸ್ವಾಗತವನ್ನ. "ಅನ್ನು" ಅಲ್ಲಿ ಸ್ವಾಗತಕ್ಕೇ ಖರ್ಚಾಗಿ ಹೋಯ್ತು, ಇನ್ನು ಅತಿಥಿಗೆ ಉಳಿಯೋದು "ಗೆ" ಒಂದೇ. ಹಾಗಾಗಿ ಆ ವಾಕ್ಯದಲ್ಲಿ ರಾಮಪ್ಪನವರೂ ಮುಖ್ಯೋಪಾಧ್ಯಾಯರೂ ತಪ್ಪು ಜಾಗದಲ್ಲಿದ್ದಾರೆ, ಶಾರದಾ ಅವರು, ಪೋಷಕರು, ಸಹಪಾಠಿಗಳು ಸರಿ ಇದ್ದಾರೆ. ಬರೆದವರಿಗೆ ಗೊತ್ತಿಲ್ಲ ಅಂತಲ್ಲ. ಮೊದಲನೇ ಹೆಸರು ಬರೆಯೋವಾಗ ಮನಸ್ಸಲ್ಲಿ "ಸ್ವಾಗತಿಸುತ್ತೇನೆ" ಇತ್ತು, ಅಷ್ಟು ದೂರ ಹೋಗೋ ಹೊತ್ತಿಗೆ ಅದು "ಕೋರುತ್ತೇನೆ" ಆಯ್ತು. ಕನ್ನಡದಲ್ಲಿ ಕ್ರಿಯಾಪದ ಕಟ್ಟಕಡೆಗೆ ಬರೋದ್ರಿಂದ ಉದ್ದ ಪಟ್ಟಿ ಹಾಕಿದ್ರೆ ಇದು ದೊಡ್ಡವರಿಗೂ ಆಗುತ್ತೆ. ನಾನು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಾಗ ಇಂಥ ವಾಕ್ಯ ಬಂದ್ರೆ ಮೊದ್ಲು ಕೊನೇ ಪದ ಓದಿ ಆಮೇಲೆ ಹಿಂದಕ್ಕೆ ಬರ್ತಿದ್ದೆ. ನೀವೂ ಹಂಗೇ ಮಾಡಿ, ಒಂದೊಂದು ಹೆಸರನ್ನೂ ಕೊನೇ ಪದದ ಪಕ್ಕಕ್ಕೆ ತಂದು ಓದಿ. "ಮುಖ್ಯೋಪಾಧ್ಯಾಯರನ್ನು ಸ್ವಾಗತವನ್ನು ಕೋರುತ್ತೇನೆ" ಅಂತ ಓದಿದ ತಕ್ಷಣ ಹುಡುಗಿಗೇ ನಗು ಬರುತ್ತೆ.

ಕೋರು ಅಂದ್ರೆ ಬೇಡೋದು ಅನ್ನೋ ಮಾತು. ಬೇಡೋದು ಹೌದು, ಆದ್ರೆ ಅಷ್ಟೇ ಅಲ್ಲ. "ಓದುಗರಲ್ಲಿ ಕ್ಷಮೆ ಕೋರುತ್ತೇವೆ" ಅಂತ ಪತ್ರಿಕೆಯಲ್ಲಿ ಹಾಕ್ತಾರೆ, ಅಲ್ಲಿ ನಿಜಕ್ಕೂ ಓದುಗರ ಹತ್ರ ಕೇಳ್ತಿರೋದು. "ನವದಂಪತಿಗಳಿಗೆ ಶುಭ ಕೋರುತ್ತೇವೆ" ಅಂದಾಗ ಅವರ ಹತ್ರ ಏನೂ ಕೇಳ್ತಿಲ್ಲ, ಅವರಿಗೆ ಒಳ್ಳೇದಾಗ್ಲಿ ಅಂತಿದೀವಿ. ಒಂದು ಕಡೆ "ಅಲ್ಲಿ", ಇನ್ನೊಂದು ಕಡೆ "ಗೆ", ವಿಭಕ್ತಿನೇ ಅರ್ಥ ಬೇರೆ ಮಾಡ್ತಿದೆ. "ಅತಿಥಿಗಳಿಗೆ ಸ್ವಾಗತ ಕೋರು" ಎರಡನೇ ಗುಂಪಿಗೆ ಸೇರಿದ್ದು. "ಅತಿಥಿಗಳಲ್ಲಿ ಸ್ವಾಗತ ಕೋರುತ್ತೇನೆ" ಅಂದಿದ್ರೆ ವೆಂ. ಅವರ ಆಕ್ಷೇಪ ಸರಿ ಇರ್ತಿತ್ತು.

ಸುಸ್ವಾಗತಕ್ಕೆ ನನ್ನ ತಕರಾರಿಲ್ಲ. ಸಂಧಿ ಬಿಡಿಸಿದ್ರೆ ಎರಡು ಸು ಸಿಗುತ್ತೆ ನಿಜ, ಆದ್ರೆ ಸ್ವಾಗತ ಅನ್ನುವಾಗ ಯಾರ ಮನಸ್ಸಲ್ಲೂ ಆ ಒಳಗಿನ ಸು ಇರಲ್ಲ. ಇಷ್ಟ ಇಲ್ದಿದ್ರೆ ಬಿಡಿ, ತಪ್ಪು ಅನ್ನಬೇಡಿ.
– ಪ್ರೂಫ್ ರೀಡರ್ ಮೂ.

———

ನಮಸ್ಕಾರ್ರಿ. ನಮ್ಮ ಕಲಬುರಗಿ ಕಡೆ ಮಾತಿನಾಗ "ಅವ್ರಿಗೆ ಕರೀರಿ" ಅಂತೀವಿ, "ಅವ್ರನ್ನ ಕರೀರಿ" ಅನ್ನೋರು ಕಮ್ಮಿ. ನಾ ಸಾಲ್ಯಾಗ ಇದ್ದಾಗ ಇದೇ ಸ್ವಾಗತ ಭಾಷಣ ಮಾಡೀನಿ, "ಎಲ್ಲಾರಿಗೂ ಸ್ವಾಗತಿಸ್ತೀನಿ" ಅಂದಿದ್ದೆ, ಯಾರೂ ತಪ್ಪು ಅನ್ನಲಿಲ್ಲ, ಚಪ್ಪಾಳಿ ಹೊಡದ್ರು. ಹಂಗಾದ್ರ ನಮ್ದು ತಪ್ಪು ಕನ್ನಡನಾ? ವ್ಯಾಕರಣದಾಗ ವಿಭಕ್ತಿ ಪಲ್ಲಟ ಅಂತ ಒಂದು ಐತಲ್ರಿ, ಊರನ್ನು ಸೇರಿದನು, ಊರಿಗೆ ಸೇರಿದನು, ಎರಡೂ ನಡೀತಾವ ಅಂತ ನಮಗ ಕಲಿಸ್ಯಾರ. ಅದು ಇಲ್ಲಿಗೆ ಯಾಕ ಹೊಂದಂಗಿಲ್ಲ?
– ಶ.

———

ಶ. ಅಕ್ಕಾವ್ರೇ, ತಪ್ಪು ಕನ್ನಡ ಅಂತ ಯಾರಂದ್ರು. ನಿಮ್ಮ ಕಡೆ ಮಾತಲ್ಲಿ ಮನುಷ್ಯರ ವಿಷಯಕ್ಕೆ "ಗೆ" ಬರೋದು ಅಲ್ಲಿಯ ಕ್ರಮ, ಅದಕ್ಕೆ ಅದರದ್ದೇ ಅಚ್ಚುಕಟ್ಟಿದೆ. ಮಾತಲ್ಲಿ ಅದನ್ನ ಬದಲಾಯಿಸೋಕೆ ನಾನ್ಯಾರು. ನಾನು ಹೇಳಿದ್ದು ಬರೆದ ಭಾಷಣದ ಕನ್ನಡಕ್ಕೆ. ಅಲ್ಲಿ ಒಂದೇ ವಾಕ್ಯದಲ್ಲಿ ಒಬ್ಬರಿಗೆ ಅನ್ನು ಇನ್ನೊಬ್ಬರಿಗೆ ಗೆ ಹಾಕಿದ್ರೆ ಯಾವ ಕಡೆಯ ಕನ್ನಡಕ್ಕೂ ಹೊಂದಲ್ಲ ಅಲ್ವಾ.

ವಿಭಕ್ತಿ ಪಲ್ಲಟದ ಮಾತು ಚೆನ್ನಾಗಿ ಕೇಳಿದ್ರಿ. ಅದು ಎಲ್ಲಿ ಬೇಕಾದ್ರೂ ಹಾಕ್ಕೊಳ್ಳೋ ಪರ್ಮಿಟ್ ಅಲ್ಲ, ಬಳಕೆಯಲ್ಲಿ ಎರಡೂ ನಿಂತಿರೋ ಕಡೆಗೆ ಇಟ್ಟ ಹೆಸರು. ಸ್ವಾಗತಿಸು ಜೊತೆ "ಗೆ" ಹಾಗೆ ನಿಂತಿದೆಯಾ ಇಲ್ವಾ ಅಂದ್ರೆ ಬರವಣಿಗೆಯಲ್ಲಿ ಇನ್ನೂ ಇಲ್ಲ ಅಂತ ನನ್ನ ಅಂದಾಜು. ಕಾರ್ಯಕ್ರಮಗಳಲ್ಲಿ ಕೇಳಿಬರೋ ಲೆಕ್ಕ ನೋಡಿದ್ರೆ ನಾಳೆ ನಿಲ್ಲಬಹುದು.
– ಮೂ.

———

ಮೂ. ಸರ್ ಹೇಳಿದ್ದು ಸರಿ, ಒಂದು ಸೇರಿಸ್ತೀನಿ, ನಾನು ಶಾಲೇಲೇ ಕೆಲಸ ಮಾಡೋಳು. ಪಟ್ಟಿನ ಒಂದೇ ವಾಕ್ಯದಲ್ಲಿ ಕಟ್ಟೋದೇ ಬೇಡ. ಸ್ವಾಗತ ಭಾಷಣದಲ್ಲಿ ಹೆಸರು ಹೇಳಿದ ಕೂಡ್ಲೇ ಒಬ್ಬ ಹುಡುಗ ಹೂವೋ ಪುಸ್ತಕನೋ ತಗೊಂಡೋಗಿ ಕೊಡಬೇಕು, ಸಭೆ ಚಪ್ಪಾಳೆ ಹೊಡೀಬೇಕು. "ರಾಮಪ್ಪನವರನ್ನು," ಅಂತ ನಿಲ್ಲಿಸಿದ್ರೆ ಹೂ ಹಿಡ್ಕೊಂಡಿರೋನಿಗೆ ಈಗ ಹೋಗಬೇಕಾ ಇನ್ನೂ ಇದೆಯಾ ಗೊತ್ತಾಗಲ್ಲ, ಕೊನೇಲಿ "ಕೋರುತ್ತೇನೆ" ಅಂದಾಗ ಮೂರು ಜನ ಒಟ್ಟಿಗೆ ಸ್ಟೇಜ್ ಹತ್ತುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ವಾಕ್ಯ ಮುಗಿಸಿ. ಕ್ರಿಯಾಪದನೇ ಬೇಡ ಅಂದ್ರೂ ಆಗುತ್ತೆ: "ನಮ್ಮ ಸಮಿತಿಯ ಅಧ್ಯಕ್ಷರಾದ ಶ್ರೀ ರಾಮಪ್ಪ ಅವರಿಗೆ ಆದರದ ಸ್ವಾಗತ." ಮುಗೀತು.

ಮತ್ತೆ ಹೃತ್ಪೂರ್ವಕ ಅನ್ನೋದನ್ನ ಮೈಕಲ್ಲಿ ಎಂಟನೇ ಕ್ಲಾಸಿನ ಮಕ್ಕಳು "ರುತ್ಪೂರ್ವಕ" ಅಂತಾರೆ, ಹೆದರಿದ್ರೆ ಇನ್ನೇನೋ ಅಂತಾರೆ. ಹಾರ್ದಿಕ ಇಡಿ, ಅಥವಾ ಆದರದ. ಪ್ರೀತಿಯ ಸ್ವಾಗತ ಸಹಪಾಠಿಗಳಿಗೆ ಚೆನ್ನ, ಬಿಇಒ ಮೇಡಂಗೆ ಹುಡುಗಿ "ಪ್ರೀತಿಯ ಸ್ವಾಗತ" ಅಂದ್ರೆ ನಮ್ಮ ಎಚ್ಎಂ ಮುಖ ಸಿಂಡರಿಸ್ತಾರೆ.
– ಜ.

———

ಎಲ್ರಿಗೂ ಥ್ಯಾಂಕ್ಸ್. ಜ. ಮೇಡಂ ಹೇಳಿದ ಹಾಗೆ ಒಡೆದು ಬರ್ಕೊಂಡ್ವಿ, ಹುಡುಗಿಗೆ ಈಗ ಉಸಿರೂ ಸಿಗ್ತಿದೆ:

"ಕಾರ್ಯಕ್ರಮದ ಅಧ್ಯಕ್ಷತೆ ವಹಿಸಿರುವ ನಮ್ಮ ಸಮಿತಿಯ ಅಧ್ಯಕ್ಷರಾದ ಶ್ರೀ ರಾಮಪ್ಪ ಅವರಿಗೆ ಆದರದ ಸ್ವಾಗತ. ಮುಖ್ಯ ಅತಿಥಿಗಳಾಗಿ ಬಂದಿರುವ ಕ್ಷೇತ್ರ ಶಿಕ್ಷಣಾಧಿಕಾರಿ ಶ್ರೀಮತಿ ಶಾರದಾ ಅವರಿಗೆ ಹಾರ್ದಿಕ ಸ್ವಾಗತ. ನಮ್ಮ ಮುಖ್ಯೋಪಾಧ್ಯಾಯರನ್ನೂ ಎಲ್ಲ ಶಿಕ್ಷಕರನ್ನೂ ಗೌರವದಿಂದ ಸ್ವಾಗತಿಸುತ್ತೇನೆ. ಪೋಷಕರಿಗೂ ನನ್ನ ಗೆಳೆಯ ಗೆಳತಿಯರಿಗೂ ಪ್ರೀತಿಯ ಸ್ವಾಗತ."

ಮೂರನೇ ವಾಕ್ಯ ಬೇಕಂತಲೇ "ಅನ್ನು" ಹಾಕಿ ಸ್ವಾಗತಿಸು ಇಟ್ವಿ, ಎಲ್ಲಾ ಕಡೆ ಸ್ವಾಗತ ಸ್ವಾಗತ ಅಂತ ಒಂದೇ ರಾಗ ಆಗ್ಬಾರ್ದು ಅಂತ. ಆದ್ರೆ ಶಾಲೇಲಿ ಒಂದೇ ಪಟ್ಟು, "ರಾಮಪ್ಪರವರು" ಅಂತಲೇ ಇರಲಿ, ಬರೀ "ಅವರು" ಅಂದ್ರೆ ಮರ್ಯಾದೆ ಕಮ್ಮಿ ಅಂತ. ಏನ್ ಹೇಳ್ಲಿ?
– ಸು.

———

ಮರ್ಯಾದೆ ಎಲ್ಲಾ "ಅವರು" ಒಳಗೇ ಇದೆ, "ರ" ಒಳಗೆ ಏನೂ ಇಲ್ಲ. ರಾಯರ + ಅವರು ಸೇರಿ ರಾಯರವರು ಆದಾಗ ಆ ರ ರಾಯರದ್ದು. ರಾಮಪ್ಪನ + ಅವರು ಅಂದ್ರೆ ರಾಮಪ್ಪನವರು, ಅಲ್ಲಿ ನ. ರಾಯರಿಂದ ಕಿತ್ಕೊಂಡ ರ ನ ಆಫೀಸಿನ ಕಾಗದದವರು ಎಲ್ಲರ ಹೆಸರಿಗೂ ಅಂಟಿಸಿದ್ರು. "ರಾಮಪ್ಪನವರಿಗೆ" ಅಂತ ಹೇಳಿಸಿ, ಮೈಕಲ್ಲಿ ರ ಇದೆಯೋ ನ ಇದೆಯೋ ಯಾರೂ ಕೇಳಿಸ್ಕೊಳ್ಳಲ್ಲ, ಮರ್ಯಾದೆನೂ ಉಳಿಯುತ್ತೆ. ಶಾರದಾ ಅವರಿಗೆ ಬಿಡಿಸಿ ಹೇಳೋದೇ ವಾಸಿ.
– ಮೂ.

———

ರವರು ನಮ್ಮ ತಾತನ ಕಾಲದ ಕಾಗದಗಳಲ್ಲೂ ಇದೆ ಸರ್, ಇಷ್ಟು ಹಳೇದಾದ ಮೇಲೆ ಅದನ್ನೂ ಸುಸ್ವಾಗತದ ಥರ ಬಿಟ್ಬಿಡಬೇಕಲ್ವಾ? ಸುಸ್ವಾಗತಕ್ಕೆ ಒಂದು ನ್ಯಾಯ ರವರಿಗೆ ಒಂದು ನ್ಯಾಯ ಮಾಡ್ತಿದೀರಿ. ಕೋರು ವಿಷಯ ಒಪ್ಕೊಂಡೆ, ಇದು ಒಪ್ಪಲ್ಲ.
– ವೆಂ.

———

ಜಗಳ ಮುಗಿದ ಮೇಲೆ ಯಾರಾದ್ರೂ ಇದಕ್ಕೂ ಹೇಳಿ. ನಮ್ಮ ಮಗಂಗೆ ಬರ್ಕೊಟ್ಟಿರೋದ್ರಲ್ಲಿ "ಸ್ವಾಗತವನ್ನು ಬಯಸುತ್ತೇನೆ" ಅಂತಿದೆ. ಶುಭ ಬಯಸೋದು ಸರಿ ಅಂದ್ರೆ ಸ್ವಾಗತ ಬಯಸೋದೂ ಸರಿ ಇರಬೇಕು, ಆದ್ರೆ ನಂಗೆ ಅವನೇ ಸ್ವಾಗತ ಮಾಡಿಸ್ಕೊಳ್ಳೋಕೆ ಕಾಯ್ತಿದಾನೆ ಅನ್ನೋ ಥರ ಕೇಳ್ಸುತ್ತೆ.
– ಗು.