ಕಾರಣ ಕೇಳಿದರೆ ಪರಿಣಾಮ ಬರೆದಿದ್ದಾನೆ, ಎಷ್ಟು ಅಂಕ ಕೊಡಲಿ?

ಹೈಸ್ಕೂಲು ಶಿಕ್ಷಕಿ, ಶಿರಸಿ: ಕ್ಲಾಸ್ ಟೆಸ್ಟಿನಲ್ಲಿ "1857ರ ದಂಗೆಗೆ ನಾಲ್ಕು ಕಾರಣ ಬರೆಯಿರಿ" ಎಂದು 4 ಅಂಕಕ್ಕೆ ಕೇಳಿದ್ದೆ. ಒಬ್ಬ ಹುಡುಗ ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ, ಕೊಬ್ಬು ಸವರಿದ ತೋಟಾ ಎರಡನ್ನೂ ಸರಿಯಾಗಿ ಬರೆದಿದ್ದಾನೆ. ಉಳಿದೆರಡು ಪರಿಣಾಮಗಳು. ಅವಕ್ಕೆ ಏನಾದರೂ ಕೊಡಬಹುದಾ?

ನಿವೃತ್ತ ಶಿಕ್ಷಕ, ಕಾರವಾರ: ಅಕ್ಕೋರೇ, ಆ ಎರಡು ಸಾಲನ್ನು ಅವನು ಬರೆದ ಹಾಗೇ ಇಲ್ಲಿ ಹಾಕಿ. ನೋಡದೆ ಹೇಳಲಿಕ್ಕಾಗುವುದಿಲ್ಲ.

ಶಿಕ್ಷಕಿ: ಮೂರನೆಯದು, "ದಂಗೆಯಿಂದ ಕಂಪನಿ ಆಡಳಿತ ಕೊನೆಯಾಯಿತು." ನಾಲ್ಕನೆಯದು, "ರಾಣಿ ಧರ್ಮದ ವಿಷಯದಲ್ಲಿ ಕೈ ಹಾಕುವುದಿಲ್ಲ ಎಂದಳು. ಆದ್ದರಿಂದ ಸಿಪಾಯಿಗಳು ದಂಗೆ ಎದ್ದರು."

ಟ್ಯೂಷನ್ ಮಾಸ್ತರು, ಕುಮಟಾ: ವಿಷಯ ಸರಿಯಿದೆಯಲ್ಲ, ಎರಡಕ್ಕೂ ಅರ್ಧರ್ಧ ಹಾಕಿಬಿಡಿ. ಓದಿದ್ದಾನೆ ಅಂತ ಗೊತ್ತಾಗುತ್ತದೆ.

ನಿವೃತ್ತ ಶಿಕ್ಷಕ: ಮೂರನೆಯದಕ್ಕೆ ನಿಮ್ಮ ಮಾತು ಸರಿ. "ದಂಗೆಯಿಂದ" ಎಂದು ಬರೆದಿದ್ದಾನೆ ನೋಡಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ಅವನಿಗೆ ಗೊತ್ತಿದೆ. ಪ್ರಶ್ನೆ ಸರಿಯಾಗಿ ಓದಿಲ್ಲ, ಅಷ್ಟೆ. ಅರ್ಧ ಕೊಡಿ.

ನಾಲ್ಕನೆಯದರಲ್ಲಿ "ಆದ್ದರಿಂದ" ಕೂತಿರುವ ಜಾಗವೇ ತಪ್ಪು. ದಂಗೆ ಶುರುವಾದದ್ದು 1857ರ ಮೇನಲ್ಲಿ, ವಿಕ್ಟೋರಿಯಾ ರಾಣಿಯ ಆ ಘೋಷಣೆ ಬಂದದ್ದು 1858ರ ನವೆಂಬರಿನಲ್ಲಿ. ಮೇಲಾಗಿ, ಕೈ ಹಾಕುವುದಿಲ್ಲ ಎಂದರೆ ಸಿಪಾಯಿಗಳಿಗೆ ಸಿಟ್ಟು ಯಾಕೆ ಬರಬೇಕು? ಅದಕ್ಕೆ ಸೊನ್ನೆ. ಆದರೆ ಸುಮ್ನೆ ಕಾಟು ಹೊಡೆಯಬೇಡಿ. "ರಾಣಿ ಹೀಗೆ ಯಾಕೆ ಹೇಳಬೇಕಾಯಿತು?" ಎಂದು ಪಕ್ಕದಲ್ಲಿ ಬರೆಯಿರಿ. ತಮ್ಮ ಧರ್ಮ ಕೆಡಿಸುತ್ತಾರೆ ಎಂಬ ಹೆದರಿಕೆ ಜನರಿಗಿತ್ತು. ಅವನು ಬರೆಯಬೇಕಾಗಿದ್ದ ಕಾರಣ ಅದೇ.

ಒಟ್ಟು 2½. ನಾನಾದರೆ ಒಂದು ಉತ್ತರದಲ್ಲಿ ಇಂಥ ಅರ್ಧವನ್ನು ಒಂದೇ ಸಲ ಕೊಡುತ್ತಿದ್ದೆ. ಇಲ್ಲದಿದ್ದರೆ ನಾಲ್ಕು ಪರಿಣಾಮ ಬಾಯಿಪಾಠ ಮಾಡಿದವನಿಗೂ 2 ಬರುತ್ತದೆ. ಬೋರ್ಡ್ ಪೇಪರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಅವರು ಕೊಟ್ಟ ಮಾದರಿ ಉತ್ತರವೇ ಗತಿ.

ಪಾಲಕರು, ಅಂಕೋಲಾ: ಹಾಗಾದರೆ ನನ್ನ ಮಗಳಿಗೆ ಅನ್ಯಾಯವಾಗಿದೆ. ಉಪ್ಪಿನ ಚಳವಳಿಗೆ ಕಾರಣ ಕೇಳಿದ್ದಕ್ಕೆ "ಗಾಂಧೀಜಿಯ ಬಂಧನ" ಎಂದು ಬರೆದಿದ್ದಳು. ಸೊನ್ನೆ! ಉಪ್ಪಿನ ಸತ್ಯಾಗ್ರಹ ನಡೆದ ಊರಿನ ಹುಡುಗಿಗೆ.

ನಿವೃತ್ತ ಶಿಕ್ಷಕ: ಊರಿಗೆ ಅಂಕ ಕೊಡಲಿಕ್ಕಾಗುತ್ತದಾ ಮಾರಾಯ್ರೇ! ದಂಡಿಯಲ್ಲಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6ಕ್ಕೆ, ಬಂಧನ ಮೇ 5ಕ್ಕೆ. ಚಳವಳಿ ಶುರುವಾಗಲು ಅದು ಕಾರಣವಲ್ಲ. ಇನ್ನೂ ಜೋರಾಗಲು ಕಾರಣ ಹೌದು. ಪ್ರಶ್ನೆಯಲ್ಲಿ ಯಾವುದನ್ನು ಕೇಳಿದ್ದರು?

ಪಾಲಕರು: ಬರೀ "ಚಳವಳಿಗೆ ಕಾರಣವೇನು?" ಎಂದಿತ್ತು.

ಟ್ಯೂಷನ್ ಮಾಸ್ತರು: ಪ್ರಶ್ನೆಯೇ ಅಡ್ಡಾದಿಡ್ಡಿ ಇದ್ದರೆ ಸಂಶಯದ ಲಾಭ ಮಕ್ಕಳಿಗೆ ಸಿಗಬೇಕು, ಅಲ್ವಾ?

ನಿವೃತ್ತ ಶಿಕ್ಷಕ: ಅವಳು ಬರೆದದ್ದು ಎರಡೇ ಪದ. ಬಂಧನ ಆಗಿ ಏನಾಯಿತು ಅಂತ ಒಂದು ಸಾಲು ಬರೆದಿದ್ದರೆ ನಾನೂ ಕೊಡುತ್ತಿದ್ದೆ.

ಶಿಕ್ಷಕಿ: 2½ ಹಾಕಿದೆ ಸರ್. ಇನ್ನೂ ಮೂವತ್ತೊಂದು ಪೇಪರ್ ಇದೆ. "ಆದ್ದರಿಂದ" ಎಲ್ಲಿ ಕೂತಿದೆ ಅಂತ ಈಗ ಮೊದಲಿಂದ ನೋಡಬೇಕು.