ಚಳಿಗೆ ಮೊಸರು ಹೆಪ್ಪಾಗ್ತಿಲ್ಲ, ಆದ್ರೆ ನೂಲು ನೂಲು. 42 ಡಿಗ್ರಿಗೇ ಹೆಪ್ಪು ಹಾಕ್ತಿದ್ದೀನಿ, ಎಲ್ಲಿ ತಪ್ತಿದೆ?

ಮಂಜಿನೂರು
ತಲೆ ಕೆಟ್ಟು ಹೋಗಿದೆ. ಥರ್ಮಾಮೀಟರ್‌ನಲ್ಲಿ 42 ನೋಡೇ ಹೆಪ್ಪು ಹಾಕ್ತೀನಿ. ರಾತ್ರಿ ಹಾಕಿದ್ದು ಬೆಳಿಗ್ಗೆ ಹಾಲಾಗೇ ಇರುತ್ತೆ. ಮಧ್ಯಾಹ್ನದ ಹೊತ್ತಿಗೆ ಒಂಥರಾ ಸಡಿಲವಾಗಿ ಕಟ್ಟುತ್ತೆ, ಸೌಟಲ್ಲಿ ಎತ್ತಿದ್ರೆ ನೂಲು ಎಳೆಯುತ್ತೆ, ಹುಳಿ ಇರಲ್ಲ. ಬೇಸಿಗೆಯಲ್ಲಿ ಇದೇ ಹಾಲು, ಇದೇ ಪಾತ್ರೆ, ಏನೂ ತೊಂದರೆ ಇರ್ಲಿಲ್ಲ. ಪರಿಹಾರ ಹೇಳಿ.

ಶಾರದಾ_ಹಾಸನ
ಹೆಪ್ಪು ಹಳಸಿದೆ. ನೂಲು ಬಂತು ಅಂದ್ರೆ ಹೆಪ್ಪು ಕೆಟ್ಟಿದೆ ಅಂತಲೇ ಅರ್ಥ, ಬೇರೆ ಏನೂ ಹುಡುಕಬೇಡಿ. ಆ ಮೊಸರಿನಿಂದ ಇನ್ನೊಂದು ಸಲ ಹಾಕಬೇಡಿ. ಪಕ್ಕದ ಮನೆಯಿಂದ ಗಟ್ಟಿ ಮೊಸರು ಒಂದು ಚಮಚ ತನ್ನಿ. ಅದೂ ಸಿಗದಿದ್ರೆ ಹಸಿಮೆಣಸಿನಕಾಯಿ ತೊಟ್ಟು ನಾಲ್ಕೈದು ಹಾಕಿ ಹೊಸ ಹೆಪ್ಪು ಮಾಡ್ಕೊಳ್ಳಿ.

ಮಂಜಿನೂರು
ಹೆಪ್ಪು ಬದಲಾಯಿಸಿ ಆಯ್ತು ಮೇಡಂ. ಮೊದಲ ಸಲ ನೂಲು ಕಮ್ಮಿ, ಆಮೇಲೆ ಮತ್ತೆ ಅದೇ ಕಥೆ.

ಶಾರದಾ_ಹಾಸನ
ಹಾಗಾದ್ರೆ ತಂದ ಹೆಪ್ಪೂ ಸರಿ ಇಲ್ಲ. ಅಂಗಡಿ ಕಪ್ ಮೊಸರು ತಂದಿದ್ರಾ? ಮನೆ ಮೊಸರೇ ಬೇಕು.

ಗೋಕುಲ
ಶಾರದಾ ಅವರೇ, ಹೆಪ್ಪು ಬದಲಾಯಿಸಿದ ಮೇಲೂ ಎರಡನೇ ಸಲಕ್ಕೆ ನೂಲು ಬರ್ತಿದೆ ಅಂದ್ರೆ ಹೆಪ್ಪನ್ನ ಕೆಡಿಸ್ತಿರೋದು ಏನೋ ಅಲ್ಲೇ ಇದೆ. ಮಂಜಿನೂರು, ನೀವು ಇವಿಷ್ಟನ್ನ ಬರೆದಿಲ್ಲ: ಯಾವ ಊರು, ರಾತ್ರಿ ಅಡುಗೆಮನೆ ಎಷ್ಟು ತಣ್ಣಗಿರುತ್ತೆ, ಎಷ್ಟು ಹಾಲು, ಯಾವ ಪಾತ್ರೆ, ಎಲ್ಲಿ ಇಡ್ತೀರಿ, ಹೆಪ್ಪು ಫ್ರಿಡ್ಜಿಂದ ನೇರ ಹಾಕ್ತೀರಾ? ಮುಖ್ಯವಾಗಿ, ಥರ್ಮಾಮೀಟರ್ ಯಾವುದು?

ಬಿಸಿಲನಾಡು
ನಮ್ ಕಲಬುರಗಿ ಕಡಿ ಉಲ್ಟಾ ತ್ರಾಸ ಅದರಿ. ಮೇ ತಿಂಗಳಾಗ ರಾತ್ರಿ ಹೆಪ್ಪ ಹಾಕಿದ್ರ ಮುಂಜಾನಿಗೆ ಹುಳಿ ಹುಳಿ, ಮ್ಯಾಲ ಹಸಿರು ನೀರು ನಿಂತಿರ್ತದ. ಇದಕ್ಕೂ ಹೆಪ್ಪ ಕೆಟ್ಟದಂತೀರೇನ್ರಿ?

ಗೋಕುಲ
ಬಿಸಿಲನಾಡು, ನಿಮ್ಮದು ಬೇರೆ ವಿಷಯ, ಆದ್ರೂ ಚಿಕ್ಕದಾಗಿ ಹೇಳ್ತೀನಿ. ಮನೆಯೊಳಗೆ ರಾತ್ರಿ 33–34 ಡಿಗ್ರಿ ಇದ್ರೆ ಹಾಲು ತಣ್ಣಗಾಗೋದೇ ಇಲ್ಲ, ಬ್ಯಾಕ್ಟೀರಿಯಾ ಪೂರ್ತಿ ವೇಗದಲ್ಲಿ ಹುಳಿ ಮಾಡ್ತಾ ಹೋಗುತ್ತೆ. ನಾಲ್ಕೈದು ಗಂಟೆಗೆ ಕಟ್ಟಿರುತ್ತೆ, ನೀವು ಎಂಟು ಗಂಟೆ ಬಿಟ್ಟಿದ್ದೀರಿ. ಹೆಚ್ಚು ಹುಳಿಯಾದ ಮೊಸರು ಕುಗ್ಗಿ ನೀರು ಬಿಡುತ್ತೆ, ಆ ಹಸಿರು ಛಾಯೆಯ ನೀರು ಅದೇ. ಲೀಟರಿಗೆ ಅರ್ಧ ಟೀ ಚಮಚ ಹೆಪ್ಪು ಸಾಕು. ಹಾಲು 36–37ಕ್ಕೆ ಇಳಿದ ಮೇಲೆ ಹಾಕಿ. ರಾತ್ರಿ ಬದಲು ಬೆಳಿಗ್ಗೆ ಹಾಕಿ. ಪಾತ್ರೆ ಓರೆ ಮಾಡಿದಾಗ ಅಂಚು ಬಿಟ್ಟು ಒಂದೇ ಗಡ್ಡೆಯಾಗಿ ಅಲುಗಿದ್ರೆ ಆಗಲೇ ಫ್ರಿಡ್ಜಿಗೆ. ಗಟ್ಟಿಯಾಗಲಿ ಅಂತ ಇನ್ನೊಂದು ಗಂಟೆ ಕಾಯಬೇಡಿ, ಮಿಕ್ಕ ಗಟ್ಟಿತನ ತಣ್ಣಗಾದಾಗ ಬರುತ್ತೆ.

ಮಂಜಿನೂರು
ಮಡಿಕೇರಿ. ರಾತ್ರಿ ಅಡುಗೆಮನೆ 16–17. ಟೋನ್ಡ್ ಪ್ಯಾಕೆಟ್ ಹಾಲು ಅರ್ಧ ಲೀಟರ್, ಉಕ್ಕಿದ ತಕ್ಷಣ ಇಳಿಸ್ತೀನಿ. ಸ್ಟೀಲ್ ಪಾತ್ರೆ, ಮುಚ್ಚಳ, ಗ್ರಾನೈಟ್ ಕಟ್ಟೆ ಮೇಲೆ. ಹೆಪ್ಪು ಫ್ರಿಡ್ಜಿಂದ ನೇರ ಒಂದು ಚಮಚ. ಥರ್ಮಾಮೀಟರ್ ಗನ್ ಟೈಪ್, ಇನ್ಫ್ರಾರೆಡ್.

ಸರ್ಕ್ಯೂಟ್‌ಭಟ್
ಇಷ್ಟೆಲ್ಲಾ ಯಾಕೆ? ಥರ್ಮೋಕೋಲ್ ಪೆಟ್ಟಿಗೆ, 40 ವ್ಯಾಟ್ ಬಲ್ಬು, ಎಸ್‌ಟಿಸಿ-1000 ಕಂಟ್ರೋಲರ್. 40ಕ್ಕೆ ಸೆಟ್ ಮಾಡಿ ಮಲಗಿ. ನಂದ್ರಲ್ಲಿ ಚಿಕ್ಕ ಫ್ಯಾನ್ ಕೂಡ ಇದೆ, ಒಳಗೆ ಎಲ್ಲಾ ಕಡೆ ಒಂದೇ ತಾಪ. ಆರು ಡಬ್ಬಿ ಒಟ್ಟಿಗೆ ಹಿಡಿಯುತ್ತೆ. ಅದೇ ಪೆಟ್ಟಿಗೆಯಲ್ಲಿ 30ಕ್ಕೆ ಇಟ್ಟು ದೋಸೆ ಹಿಟ್ಟೂ ಹುದುಗಿಸಬಹುದು. ಫೋಟೋ ಬೇಕಿದ್ರೆ ಹಾಕ್ತೀನಿ.

ಶಾರದಾ_ಹಾಸನ
ನಮ್ಮ ಅಜ್ಜಿ ಕಾಲದಲ್ಲಿ ಬಲ್ಬೂ ಇರ್ಲಿಲ್ಲ, ಗನ್ನೂ ಇರ್ಲಿಲ್ಲ. ಕಿರುಬೆರಳು ಅದ್ದಿ ಹತ್ತು ಎಣಿಸೋವಷ್ಟು ಹೊತ್ತು ಇಟ್ಕೊಳ್ಳೋಕಾದ್ರೆ ಹೆಪ್ಪು ಹಾಕೋದು. ಪಾತ್ರೆನ ಒಲೆ ಪಕ್ಕದ ಬಿಸಿ ಬೂದಿ ಹತ್ತಿರ ಇಡೋರು.

ಗೋಕುಲ
ಬೆರಳಿನ ಲೆಕ್ಕ ಸರಿಯೇ, ಶಾರದಾ ಅವರೇ. ಬೆರಳು ಹಾಲಿನ ಒಳಗೆ ಹೋಗುತ್ತೆ, ಗನ್ ಹೋಗಲ್ಲ. ಇಲ್ಲಿನ ಮೊದಲ ತೊಂದರೆ ಅದೇ.

ಇನ್ಫ್ರಾರೆಡ್ ಗನ್ ನೋಡೋದು ಮೇಲ್ಮೈಯನ್ನ ಮಾತ್ರ. ಕಾಯಿಸಿ ಸುಮ್ಮನೆ ಬಿಟ್ಟ ಹಾಲಿನ ಮೇಲೆ ಕೆನೆ ಕಟ್ಟಿರುತ್ತೆ, ಅದು ಗಾಳಿಗೆ ಬೇಗ ಆರುತ್ತೆ. ಕೆನೆ 42 ತೋರಿಸುವಾಗ ಒಳಗಿನ ಹಾಲು ಎಷ್ಟೋ ಡಿಗ್ರಿ ಹೆಚ್ಚಿರಬಹುದು. ಪಾತ್ರೆಯ ಹೊರಮೈಗೆ ಹಿಡಿದ್ರಂತೂ ಇನ್ನೂ ಮೋಸ. ಹೊಳೆಯೋ ಸ್ಟೀಲು ಎದುರಿನ ಗೋಡೆಯ ತಾಪವನ್ನೇ ಪ್ರತಿಫಲಿಸುತ್ತೆ, ಓದಿದ್ದು ನಂಬೋ ಹಾಗಿಲ್ಲ. ಒಳಗೆ 50 ದಾಟಿದ್ರೆ ಹೆಪ್ಪಿನಲ್ಲಿರೋದರಲ್ಲಿ ದೊಡ್ಡ ಪಾಲು ಸತ್ತೋ ಕುಗ್ಗಿಯೋ ಹೋಗುತ್ತೆ. ಚುಚ್ಚುವ ಕಡ್ಡಿ ಥರ್ಮಾಮೀಟರ್ ತಗೊಳ್ಳಿ, ಹಾಲನ್ನ ಚೆನ್ನಾಗಿ ಕದಡಿ, ತುದಿ ಪಾತ್ರೆಯ ತಳಕ್ಕೆ ತಾಗದ ಹಾಗೆ ನಡುವೆ ಹಿಡಿದು ಓದಿ. ಅದು ಸರಿ ಇದೆಯಾ ಅಂತ ಕುದಿಯೋ ನೀರಲ್ಲಿ ಪರೀಕ್ಷಿಸುವಾಗ 100 ಬರ್ಲಿಲ್ಲ ಅಂತ ಗಾಬರಿ ಬೇಡ. ಮಡಿಕೇರಿಯ ಎತ್ತರಕ್ಕೆ ನೀರು ಸುಮಾರು 96ಕ್ಕೇ ಕುದಿಯುತ್ತೆ.

ಎರಡನೇದು ಹೆಪ್ಪು ಹಾಕಿದ ಮೇಲಿನದು. ಅದನ್ನ ಹಾಲು ಹಾಳು ಮಾಡದೇ ತಿಳ್ಕೋಬಹುದು. ಅದೇ ಪಾತ್ರೆಗೆ 43 ಡಿಗ್ರಿಯ ನೀರು ಅರ್ಧ ಲೀಟರ್ ಹಾಕಿ, ಅದೇ ಕಟ್ಟೆ ಮೇಲೆ ಮುಚ್ಚಿಟ್ಟು ಗಂಟೆಗೊಮ್ಮೆ ಓದಿ ಇಲ್ಲಿ ಹಾಕಿ.

ಸರ್ಕ್ಯೂಟ್‌ಭಟ್
ಗನ್‌ನಲ್ಲಿ ಎಮಿಸಿವಿಟಿ 0.95ಕ್ಕೆ ಇಟ್ರೆ ಹಾಲಿಗೆ ಸರಿಯಾಗೇ ಬರುತ್ತೆ. ಗನ್ ಕೆಟ್ಟದ್ದು ಅನ್ನೋದು ತಪ್ಪು.

ಗೋಕುಲ
ಮೇಲ್ಮೈಯ ತಾಪ ಸರಿಯಾಗಿ ಬರುತ್ತೆ, ಒಪ್ಪಿದೆ. ನಮಗೆ ಬೇಕಿರೋದು ಒಳಗಿನದು. ಕದಡಿ ತಕ್ಷಣ ಓದಿದ್ರೆ ಗನ್ ಕೂಡ ಹತ್ತಿರ ಬರುತ್ತೆ. ಕದಡದೇ ಓದಿದ್ರೆ ಎಮಿಸಿವಿಟಿ ಎಷ್ಟಿದ್ರೂ ಅಷ್ಟೇ. ನಿಮ್ಮ ಪೆಟ್ಟಿಗೆಗೂ ಇದೇ ಮಾತು: ಸೆನ್ಸರ್ ಗಾಳಿಯಲ್ಲಿ ತೂಗಾಡ್ತಿದ್ರೆ ಅದು ಓದೋದು ಗಾಳಿಯನ್ನ. ತಣ್ಣನೆ ಹಾಲಿಟ್ರೆ ಅದು 40 ಮುಟ್ಟೋಕೆ ಗಂಟೆಗಟ್ಟಲೆ ಬೇಕು.

ಮಂಜಿನೂರು
ಕಡ್ಡಿ ಥರ್ಮಾಮೀಟರ್ ಬಂತು. ಕೆನೆ ಮೇಲೆ ಗನ್ 42 ತೋರಿಸಿದಾಗ ಕದಡಿ ಕಡ್ಡಿ ಹಾಕಿದ್ರೆ 51. ನೀರಿನ ಪರೀಕ್ಷೆ: ರಾತ್ರಿ 10ಕ್ಕೆ 43, 11ಕ್ಕೆ 32, 12ಕ್ಕೆ 25, 1ಕ್ಕೆ 22. ಆಮೇಲೆ ನೋಡ್ಲಿಲ್ಲ.

ಗೋಕುಲ
ಉತ್ತರ ಇದರಲ್ಲೇ ಇದೆ. ಮೊಸರಿನ ಹೆಪ್ಪಲ್ಲಿ ಒಂದೇ ಜಾತಿ ಬ್ಯಾಕ್ಟೀರಿಯಾ ಇರಲ್ಲ. ಕೆಲವು 40–43ರಲ್ಲಿ ಚುರುಕು, ಬೇಗ ಹುಳಿ ಮಾಡಿ ಗಟ್ಟಿ ಕಟ್ಟುತ್ತವೆ. ಕೆಲವು 20–30ರಲ್ಲಿ ನಿಧಾನಕ್ಕೆ ಬೆಳೆಯುತ್ತವೆ, ಅವುಗಳಲ್ಲಿ ಕೆಲವು ಅಂಟು ಬಿಡೋ ಜಾತಿ, ನೂಲು ಬರೋದು ಆ ಅಂಟಿನಿಂದ. ನಿಮ್ಮ ಹಾಲು ಮೊದಲು ಅತಿ ಬಿಸಿ, ಎರಡು ಮೂರು ಗಂಟೆಯೊಳಗೆ 25. ಚುರುಕಾದವುಗಳಿಗೆ ಕೆಲಸ ಮಾಡೋಕೆ ಹೊತ್ತೇ ಸಿಗ್ಲಿಲ್ಲ. ಉಳಿದ ರಾತ್ರಿಯೆಲ್ಲಾ ತಂಪು ಇಷ್ಟಪಡೋವು ಬೆಳೆದವು. ಅದೇ ಮೊಸರು ಮತ್ತೆ ಹೆಪ್ಪಾದಾಗ ಅವುಗಳ ಪಾಲು ಇನ್ನೂ ಹೆಚ್ಚಾಗುತ್ತೆ. ಹಾಗಾಗಿ ಶಾರದಾ ಅವರು ಹೆಪ್ಪು ಬದಲಾಯಿಸಿ ಅಂದಿದ್ದು ಬೇಕೇ ಬೇಕು, ಆದ್ರೆ ತಾಪ ಸರಿಪಡಿಸದೆ ಹೊಸ ಹೆಪ್ಪೂ ಅದೇ ದಾರಿ ಹಿಡಿಯುತ್ತೆ.

ಈಗ ಮಾಡಬೇಕಾದ್ದು. ಹಾಲು ಉಕ್ಕಿದ ಮೇಲೆ ಉರಿ ಸಣ್ಣ ಮಾಡಿ, ತಳ ಹಿಡಿಯದ ಹಾಗೆ ಕದಡ್ತಾ ಹತ್ತು ನಿಮಿಷ 85–90ರಲ್ಲಿ ಬಿಡಿ. ಪ್ಯಾಕೆಟ್ ಹಾಲು ಪಾಶ್ಚರೀಕರಣ ಆಗಿರುತ್ತೆ ನಿಜ, ಆದ್ರೆ ಅದು ಸೆಕೆಂಡುಗಳ ಕಾವು. ಮೊಸರು ಗಟ್ಟಿಯಾಗೋಕೆ ಹಾಲಿನ ತಿಳಿಯಲ್ಲಿರೋ ಪ್ರೋಟೀನು ಬಿಚ್ಚಿಕೊಂಡು ಉಳಿದ ಪ್ರೋಟೀನಿಗೆ ಅಂಟಬೇಕು, ಅದಕ್ಕೆ ಈ ಹತ್ತು ನಿಮಿಷ. ಟೋನ್ಡ್ ಹಾಲಲ್ಲಿ ಕೊಬ್ಬು 3%, ಅದಕ್ಕಂತೂ ಇದು ಮುಖ್ಯ. ಆಮೇಲೆ ಪಾತ್ರೆಯನ್ನ ತಣ್ಣೀರಿನ ಬೋಗುಣಿಯಲ್ಲಿಟ್ಟು ಕದಡ್ತಾ 43ಕ್ಕೆ ಇಳಿಸಿ. ಹೆಪ್ಪು ಒಂದು ಗಂಟೆ ಮುಂಚೆ ಫ್ರಿಡ್ಜಿಂದ ಹೊರಗಿಡಿ. ಅರ್ಧ ಲೀಟರಿಗೆ ಎರಡು ಟೀ ಚಮಚ, ಸ್ವಲ್ಪ ಹಾಲಲ್ಲಿ ಗಂಟಿಲ್ಲದ ಹಾಗೆ ಕಲೆಸಿ ಸೇರಿಸಿ.

ಇಡೋಕೆ ದೊಡ್ಡ ಕುಕ್ಕರ್ ಸಾಕು. ತಳಕ್ಕೆ 45 ಡಿಗ್ರಿಯ ನೀರು ಎರಡು ಲೀಟರ್, ಅದರೊಳಗೆ ಹಾಲಿನ ಪಾತ್ರೆ, ನೀರು ಹಾಲಿನ ಮಟ್ಟದವರೆಗೆ ಇರಲಿ. ಗ್ಯಾಸ್ಕೆಟ್ ಹಾಕಿ ಮುಚ್ಚಿ, ವೆಯ್ಟ್ ಬೇಡ. ಕಟ್ಟೆ ಮೇಲೆ ಮಡಚಿದ ಟವೆಲ್ ಹಾಸಿ, ಮೇಲೆ ಕಂಬಳಿ ಸುತ್ತಿ. ಗ್ರಾನೈಟ್ ತಳದಿಂದ ಕಾವು ಹೀರುತ್ತೆ, ಅದನ್ನ ತಡೆಯದೆ ಮೇಲೆ ಎಷ್ಟು ಹೊದಿಸಿದ್ರೂ ಪ್ರಯೋಜನ ಕಮ್ಮಿ.

ಬಿಸಿಲನಾಡು
ನಡುವ ತಗದು ನೋಡಬಹುದೇನ್ರಿ?

ಗೋಕುಲ
ಮೊದಲ ಐದು ಗಂಟೆ ಬೇಡ. ಕಟ್ಟುತ್ತಿರೋವಾಗ ಅಲುಗಾಡಿಸಿದ್ರೆ ಬಿರುಕು ಬಿಟ್ಟು ನೀರು ಬರುತ್ತೆ.

ಮಂಜಿನೂರು
ಹೇಳಿದ ಹಾಗೇ ಕುಕ್ಕರಲ್ಲಿ ಇಟ್ಟೆ. ಆರು ಗಂಟೆ ಆದ ಮೇಲೆ ಸುತ್ತಲಿನ ನೀರು 31. ಏಳನೇ ಗಂಟೆಗೆ ಮೊಸರು ಗಡ್ಡೆಯಾಗಿ ಅಲುಗಿತು, ಚಮಚ ಹಾಕಿದ ಜಾಗ ಹಾಗೇ ನಿಂತಿತ್ತು. ಹುಳಿ ಹದವಾಗಿದೆ. ಆದ್ರೆ ಇನ್ನೂ ಒಂಚೂರು ನೂಲು ಇದೆ. ಹೆಪ್ಪು ಹಳೇದೇ ಹಾಕಿದ್ದೆ.

ಶಾರದಾ_ಹಾಸನ
ಹೇಳಿದ್ನಲ್ಲ, ಹೆಪ್ಪು. ಮೆಣಸಿನಕಾಯಿ ತೊಟ್ಟಿನಿಂದ ಶುರು ಮಾಡಿ.

ಗೋಕುಲ
ಹೆಪ್ಪು ಬದಲಾಯಿಸಿ, ಆದ್ರೆ ತೊಟ್ಟು ಬೇಡ ಅಂತ ನನ್ನ ಅಭಿಪ್ರಾಯ. ತೊಟ್ಟಿನ ಮೇಲೆ ಯಾವ ಜಾತಿ ಇದೆಯೋ ಅದೇ ಬೆಳೆಯುತ್ತೆ. ಒಂದು ಸಲ ಚೆನ್ನಾಗಿ ಬರುತ್ತೆ, ಇನ್ನೊಂದು ಸಲ ಮತ್ತೆ ಲೋಳೆ. ಗಟ್ಟಿಯಾಗಿ ಕಟ್ಟಿದ, ನೂಲಿಲ್ಲದ ಮೊಸರು ಸಿಕ್ಕರೆ ಅದೇ ವಾಸಿ.

ಶಾರದಾ_ಹಾಸನ
ತೊಟ್ಟಿನ ಹೆಪ್ಪಿಗೆ ಎರಡು ಸುತ್ತು ಬೇಕು. ಮೊದಲನೇ ಸಲ ಬಂದಿದ್ದು ಬಿಸಾಕಿ, ಅದರಿಂದ ಒಂದು ಚಮಚ ಎರಡನೇ ಸಲಕ್ಕೆ. ಎರಡನೇದರಲ್ಲಿ ನೂಲು ಇರಲ್ಲ.

ಗೋಕುಲ
ನೂಲಿರೋ ಮೊಸರು ವಾಸನೆ ಸರಿ ಇದ್ರೆ ತಿನ್ನಬಹುದು, ಪಲ್ಯಕ್ಕೆ ಮಜ್ಜಿಗೆ ಹುಳಿಗೆ ಬಳಸಿ. ಒಳಗೆ ಗಾಳಿಗುಳ್ಳೆ, ಹೆಂಡದಂಥ ವಾಸನೆ, ಗುಲಾಬಿ ಅಥವಾ ಹಸಿರು ಚುಕ್ಕೆ ಕಂಡ್ರೆ ಮಾತ್ರ ಚೆಲ್ಲಿ, ಪಾತ್ರೆಯನ್ನ ಕುದಿಯೋ ನೀರಲ್ಲಿ ತೊಳೀರಿ.

ಸರ್ಕ್ಯೂಟ್‌ಭಟ್
ಸೆನ್ಸರ್‌ನ ಹಾಲಿನ ಡಬ್ಬಿಯ ಹೊರಮೈಗೆ ಟೇಪ್ ಹಾಕಿ ಅಂಟಿಸಿ ನೋಡಿದೆ. ಗಾಳಿ 40 ಇದ್ದಾಗ ಡಬ್ಬಿ 33. ಈಗ ಸೆನ್ಸರ್ ಡಬ್ಬಿಯ ಮೇಲೇ ಇರಲಿ ಅಂತ ಬಿಟ್ರೆ ಬಲ್ಬು ಆರೋದೇ ಇಲ್ಲ, ಮೇಲಿನ ಸಾಲಿನ ಡಬ್ಬಿಗಳು ಜಾಸ್ತಿ ಬಿಸಿ ಆಗ್ತಿವೆ. ಗೋಕುಲ ಅವರೇ, ಕಂಟ್ರೋಲರ್‌ನಲ್ಲಿ ಡಿಫರೆನ್ಸ್ ಎಷ್ಟಿಡಬೇಕು?